ಸೊನ್ನೆ ಘಾತಕ್ಕೆ ಸಾಧನೆ ಉಂಟೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದು ಪದವಿ ತರಗತಿ ಸೇರುವ ವಿದ್ಯಾರ್ಥಿಗಳನ್ನು 2⁰ ಎಷ್ಟೆಂದು ಕೇಳಿ ನೋಡಿ. ‘ಒಂದು’ ಎಂಬ ಉತ್ತರ ತಟ್ಟನೆ ಬರುತ್ತದೆ. ಏಕೆ ಎಂದರೆ ಕಪ್ಪುಹಲಗೆಯ ಮೇಲೆ 2³ ÷ 2³ = 2³⁻³ = 2⁰ ಎಂದು ಬರೆದು, ಎಡಬದಿ 1 ಆದ್ದರಿಂದ ಬಲಬದಿಯೂ 1 ಎನ್ನುತ್ತಾರೆ. ಇದನ್ನು ಸಾಧನೆ ಎಂದೇ ಕಲಿಸುವುದು ಎಲ್ಲೆಡೆಯ ರೂಢಿ. ನನ್ನ ಆಕ್ಷೇಪವೂ ಇಲ್ಲಿಯೇ.

2³ ಎಂದರೆ ಮೂರು ಎರಡುಗಳ ಗುಣಲಬ್ಧ. ಭಾಗಾಕಾರದ ನಿಯಮ ನಮಗೆ ದೊರೆತದ್ದು ಅಂಶ, ಛೇದಗಳಲ್ಲಿ ಸಮನಾದ ಎರಡುಗಳನ್ನು ಹೊಡೆದುಹಾಕಿ. ಆಗ ಮೇಲೆ ಕನಿಷ್ಠ ಒಂದು ಎರಡಾದರೂ ಉಳಿಯಬೇಕು. ಏನೂ ಉಳಿಯದಿರುವಾಗಲೂ ಆ ನಿಯಮ ಬಳಸಿದರೆ, ಸಾಧಿಸಬೇಕಾದುದನ್ನೇ ಒಪ್ಪಿಕೊಂಡಂತೆ. ‘ಸೊನ್ನೆ ಸಲ ಗುಣಿಸು’ ಎಂಬ ಮಾತಿಗೆ ತಾನಾಗಿ ಅರ್ಥವಿಲ್ಲ. ಅದಕ್ಕೆ ನಾವು ಅರ್ಥ ಕೊಡಬೇಕು. ಘಾತಾಂಕಗಳನ್ನು ಕೂಡುವ ನಿಯಮ ಮುರಿಯಬಾರದೆಂದರೆ 2⁰ × 2³ = 2³ ಆಗಬೇಕು. ಆಗ 2⁰ಕ್ಕೆ 1ರ ಹೊರತು ಬೇರೆ ಬೆಲೆ ಹೊಂದದು. 2⁻³ × 2³ = 2⁰ ಆಗಬೇಕೆಂದರೆ 2⁻³ = 1/8. ಹಾಗೆಯೇ 9ರ ಅರ್ಧ ಘಾತವನ್ನು ಅದರಿಂದಲೇ ಗುಣಿಸಿದರೆ 9 ಬರಬೇಕು. ಧನ ಬೆಲೆಯನ್ನೇ ಆರಿಸಿಕೊಂಡರೆ ಅದು 3. ನ್ಯೂಟನ್ 1676ರ ಪತ್ರವೊಂದರಲ್ಲಿ ವರ್ಗಮೂಲವನ್ನು ಅರ್ಧ ಘಾತವಾಗಿ ಬರೆದದ್ದು a², a³ಗಳ ಬರವಣಿಗೆಯನ್ನು ಮುಂದುವರಿಸುವ ರೀತಿಯಲ್ಲಿಯೇ.

ನಿಯಮವನ್ನು ಉಳಿಸಿಕೊಳ್ಳುವ ಹಟ ಏಕೆ? ಜನಗಣತಿ ನೋಡಿ. ಈ ಮೂರು ತಾಲ್ಲೂಕುಗಳಿರುವ ಕಲಬುರಗಿ ಜಿಲ್ಲೆಯಲ್ಲಿ 2001ರಿಂದ 2011ಕ್ಕೆ ಜನಸಂಖ್ಯೆ ಸುಮಾರು ಶೇಕಡ 18 ಏರಿತು, ಅಂದರೆ 1.18 ಪಟ್ಟಾಯಿತು. ಘಾತಾಂಕ ದಶಕಗಳನ್ನು ಎಣಿಸಲಿ. 2001ರಲ್ಲಿ ನಿಂತರೆ ಕಳೆದ ದಶಕ ಸೊನ್ನೆ, ಜನಸಂಖ್ಯೆ ಇದ್ದಷ್ಟೇ, ಅಂದರೆ 1 ಪಟ್ಟು. 2011ರಲ್ಲಿ ನಿಂತು ಹಿಂದಕ್ಕೆ ನೋಡಿದರೆ ಘಾತಾಂಕ −1, ಗುಣಕ 1/1.18, ಸುಮಾರು 0.847. ಇಲ್ಲಿ ಅನೇಕರು 18 ಕಳೆದು 0.82 ಎನ್ನುತ್ತಾರೆ. ಅದನ್ನು 1.18ರಿಂದ ಗುಣಿಸಿ ನೋಡಿ, 1 ಬರುವುದಿಲ್ಲ. ಇನ್ನು ಅರ್ಧ ದಶಕಕ್ಕೆ? ಏರಿಕೆಯ ದರ ಒಂದೇ ಸಮನಿತ್ತೆಂದು ಭಾವಿಸಿದರೆ, ಎರಡು ಸಲ ಪ್ರಯೋಗಿಸಿದಾಗ 1.18 ಕೊಡುವ ಗುಣಕ ಬೇಕು. ಅದು 1.09 ಅಲ್ಲ, ಅದರ ವರ್ಗ 1.1881. ಸರಿಯಾದುದು 1.18ರ ವರ್ಗಮೂಲ, ಸುಮಾರು 1.086. ಕೂಡುವ ನಿಯಮ ಉಳಿದದ್ದರಿಂದಲೇ ಕಾಲವನ್ನು ಎಲ್ಲಿ ತುಂಡರಿಸಿದರೂ ಲೆಕ್ಕ ಕೂಡಿಬರುತ್ತದೆ.

ಸಾಧನೆಯೆಂದು ಕಲಿತವರು ಎಡವುವುದು ನಿಯಮದ ಎಲ್ಲೆಯಲ್ಲಿ. ಆಧಾರ ಸಂಖ್ಯೆ ಸೊನ್ನೆಯಾದರೆ ಋಣ ಘಾತಕ್ಕೆ ಅರ್ಥವಿಲ್ಲ, ಏಕೆಂದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಆಧಾರ ಋಣವಾಗಿ ಘಾತಾಂಕ ಭಿನ್ನರಾಶಿಯಾದರೆ ಮೋಸ ಇನ್ನೂ ಸೂಕ್ಷ್ಮ. −8ರ ಘನಮೂಲ −2. ಆದರೆ 1/3ನ್ನು 2/6 ಎಂದು ಬರೆದು ಮೊದಲು ವರ್ಗ ಮಾಡಿ, ಬಳಿಕ 64ರ ಆರನೆಯ ಮೂಲ ತೆಗೆಯಿರಿ: +2 ಬರುತ್ತದೆ. ಭಿನ್ನರಾಶಿ ಬದಲಾಗಲಿಲ್ಲ, ಉತ್ತರ ಬದಲಾಯಿತು. ಆದ್ದರಿಂದಲೇ ಭಿನ್ನ ಘಾತಗಳಿಗೆ ನಿಯಮಗಳನ್ನು ವಿಸ್ತರಿಸುವಾಗ ಆಧಾರ ಧನಸಂಖ್ಯೆಯಾಗಿರಬೇಕೆಂದು ಮೊದಲೇ ಹೇಳಿಕೊಳ್ಳುತ್ತೇವೆ.