‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂಬ ಸಲಹೆಯ ತೊಂದರೆ

ಆಕರಗಳನ್ನು ಇಟ್ಟುಕೊಂಡು ಪ್ರಬಂಧ ಬರೆಯಲು ಕೂತ ವಿದ್ಯಾರ್ಥಿಗೆ ಮೊದಲು ಸಿಗುವ ಸಲಹೆ ಒಂದೇ: ಉದ್ಧರಣೆ ಕಡಿಮೆ ಮಾಡು, ಎಲ್ಲವನ್ನೂ ಸ್ವಂತ ಮಾತಿನಲ್ಲಿ ಬರೆ. ಇದರ ಹಿಂದೆ ಒಂದು ಶ್ರೇಣಿ ಇದೆ. ಮೂಲದ ಮಾತನ್ನು ಹಾಗೇ ಎತ್ತಿ ಕೊಡುವುದು ಸೋಮಾರಿಗಳ ಕೆಲಸ, ಸಾರಾಂಶ ಕೊಡುವುದು ಪರವಾಗಿಲ್ಲ, ಅಷ್ಟೇ ವಿವರವನ್ನು ನಮ್ಮ ವಾಕ್ಯಗಳಲ್ಲಿ ಹೇಳುವ ಪ್ಯಾರಾಫ್ರೇಸ್ ಜಾಣರ ಕೆಲಸ ಎಂಬ ನಂಬಿಕೆ ಅದು. ಈ ಶ್ರೇಣಿಯೇ ತಪ್ಪು ಎಂಬುದು ನನ್ನ ವಾದ. ಮೂರರಲ್ಲಿ ಅತಿ ಹೆಚ್ಚು ತಪ್ಪುಗಳು ನುಸುಳುವುದು ಪ್ಯಾರಾಫ್ರೇಸಿನಲ್ಲಿ, ಮತ್ತು ಅವು ಕಣ್ಣಿಗೆ ಬೀಳುವುದೂ ಕಷ್ಟ.

ಒಂದು ಆಕರವನ್ನೇ ಹತ್ತಿರದಿಂದ ನೋಡೋಣ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ, ವಿಜಯನಗರದ ಬುಕ್ಕರಾಯನ ಕಾಲದ್ದು. ಜೈನರಿಗೂ ಭಕ್ತರಿಗೂ ವಿವಾದವಾಗುತ್ತದೆ. ಭಕ್ತರು ಎಂದರೆ ಇಲ್ಲಿ ಶ್ರೀವೈಷ್ಣವರು. ಅವರಿಂದ ತಮಗೆ ಅನ್ಯಾಯವಾಗಿದೆ ಎಂದು ಜೈನರು ಅರಸನಲ್ಲಿ ದೂರು ಕೊಡುತ್ತಾರೆ. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವಿಲ್ಲ ಎನ್ನುತ್ತಾನೆ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಇರಬೇಕು ಎಂದು ವಿಧಿಸುತ್ತಾನೆ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ, ಹಣದ ಏರ್ಪಾಟನ್ನೂ ಹೇಳುತ್ತದೆ.

ಈ ಶಾಸನದ ಬಗ್ಗೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಬರುವ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ‘ಹಿಂದೂಗಳಿಗೂ ಜೈನರಿಗೂ ನಡೆದ ಧಾರ್ಮಿಕ ಕಲಹವನ್ನು ಬುಕ್ಕರಾಯ ಶಮನಗೊಳಿಸಿ, ಎರಡೂ ಧರ್ಮಗಳು ಸಮಾನವೆಂದು ಸಾರಿದನು.’ ಇದು ಸ್ವಂತ ಮಾತು ಎಂದು ಬರೆದವರೂ ತಿದ್ದುವವರೂ ನಂಬುತ್ತಾರೆ. ಆದರೆ ಮೂಲದ ಪಕ್ಕದಲ್ಲಿಟ್ಟು ಓದಿ. ಒಂದು ನಿರ್ದಿಷ್ಟ ಸಮುದಾಯವಾಗಿದ್ದ ಭಕ್ತರು ಹಿಂದೂಗಳಾಗಿದ್ದಾರೆ. ದರ್ಶನ ಧರ್ಮವಾಗಿದೆ, ಭೇದವಿಲ್ಲ ಎಂಬುದು ಸಮಾನ ಎಂದಾಗಿದೆ. ಅನ್ಯಾಯದ ದೂರು ಕೊಟ್ಟವರು ಒಂದು ಕಡೆಯವರು ಮಾತ್ರ ಎಂಬ ಸಂಗತಿ ‘ಕಲಹ’ ಎಂಬ ಪದದಲ್ಲಿ ಮುಚ್ಚಿಹೋಗಿದೆ. ಒಂದೇ ವಾಕ್ಯದಲ್ಲಿ ನಾಲ್ಕು ಬದಲಾವಣೆ. ಅಲ್ಲಿರುವ ಪದಗಳು ಶಾಸನದವೂ ಅಲ್ಲ, ವಿದ್ಯಾರ್ಥಿಯವೂ ಅಲ್ಲ, ನಮ್ಮ ಕಾಲದ ಪಠ್ಯಪುಸ್ತಕಗಳವು. ಮೂಲದ ಪದವನ್ನು ತೆಗೆದು ಸಮಾನಾರ್ಥಕ ಹುಡುಕುವ ಅವಸರದಲ್ಲಿ ಕೈಗೆ ಮೊದಲು ಸಿಗುವುದು ಅಭ್ಯಾಸದ ಪದ. ಹಳೆಯ ಆಕರಗಳ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಹಾಗಾದರೆ ಯಾವುದನ್ನು ಯಾವಾಗ ಬಳಸಬೇಕು? ಮುಂದಿನ ವಾಕ್ಯದಲ್ಲಿ ನಾನು ಏನು ಮಾಡಲಿದ್ದೇನೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಪ್ರಬಂಧ ವಿಜಯನಗರದ ಸೈನ್ಯದ ಬಗ್ಗೆಯೋ ವ್ಯಾಪಾರದ ಬಗ್ಗೆಯೋ ಇದ್ದು, ಈ ಶಾಸನ ಹಿನ್ನೆಲೆಯಾಗಿ ಬಂದುಹೋಗುವುದಾದರೆ, ‘1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವಿವಾದವನ್ನು ಬುಕ್ಕರಾಯ ಒಪ್ಪಂದದಿಂದ ಬಗೆಹರಿಸಿದ’ ಎಂಬ ಸಾರಾಂಶ ಸಾಕು. ವಿವರಗಳನ್ನು ಬಿಡುವ ಹಕ್ಕು ಸಾರಾಂಶಕ್ಕಿದೆ, ಯಾರು ಯಾರೊಂದಿಗೆ ಎಂಬುದನ್ನು ಬದಲಿಸುವ ಹಕ್ಕಿಲ್ಲ.

ಪ್ರಬಂಧದ ಪ್ರಶ್ನೆಯೇ ‘ಈ ಒಪ್ಪಂದ ಜಾರಿಗೆ ಬಂದದ್ದು ಹೇಗೆ’ ಎಂದಿದ್ದರೆ ಸಾರಾಂಶ ಸಾಲದು. ಪ್ಯಾರಾಫ್ರೇಸ್ ನಿಜವಾಗಿ ಬೇಕಾಗುವುದು ಇಲ್ಲಿ. ಶಾಸನದ ಏರ್ಪಾಟು ಇದು: ರಾಜ್ಯದ ಜೈನರಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು; ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ನೇಮಿಸಬೇಕು; ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಇದನ್ನು ಹಳೆಯ ಗದ್ಯದಲ್ಲೇ ಎತ್ತಿ ಕೊಟ್ಟರೆ ಓದುಗ ಭಾಷೆಯಲ್ಲಿ ಸಿಕ್ಕಿಕೊಳ್ಳುತ್ತಾನೆ, ಏರ್ಪಾಟು ಕಣ್ತಪ್ಪುತ್ತದೆ. ನಮ್ಮ ವಾಕ್ಯದಲ್ಲಿ ಹೇಳಿದರೆ ತಿಳಿಯಾಗುತ್ತದೆ. ಆದರೆ ಒಂದು ಅಂಶವನ್ನೂ ಬಿಡುವಂತಿಲ್ಲ. ಹಣ ಕೊಟ್ಟವರು ಜೈನರು ಎಂಬುದನ್ನು ಕೈಬಿಟ್ಟು, ವೈಷ್ಣವರು ಬಸದಿಗೆ ಕಾವಲು ಇಟ್ಟರು ಎಂದಷ್ಟೇ ಬರೆದರೆ, ಕಾವಲಿನ ವೆಚ್ಚವನ್ನು ಕಾವಲು ಪಡೆದವರೇ ಹೊತ್ತ ಒಪ್ಪಂದ ಬರಿಯ ಔದಾರ್ಯದ ಕತೆಯಾಗಿಬಿಡುತ್ತದೆ. ಪ್ಯಾರಾಫ್ರೇಸ್ ಬರೆದು ಮುಗಿಸಿದ ಮೇಲೆ ಮೂಲವನ್ನು ಮತ್ತೆ ತೆರೆದು, ಯಾರು ಮಾಡಿದರು, ಯಾವ ಷರತ್ತಿನ ಮೇಲೆ, ಎಷ್ಟು ಎಂಬ ಮೂರನ್ನು ಒಂದೊಂದಾಗಿ ಸರಿನೋಡಬೇಕು. ಪದಗಳು ಬದಲಾಗಿವೆಯೇ ಎಂದು ನೋಡುವುದು ಆಮೇಲಿನ ಕೆಲಸ.

ನೇರ ಉದ್ಧರಣೆ ಬೇಕಾಗುವುದು ಮೂಲದ ಪದವೇ ಸಾಕ್ಷಿಯಾದಾಗ. ಬುಕ್ಕರಾಯನದು ಇಂದಿನ ಅರ್ಥದ ಮತಸಮಾನತೆಯೇ ಎಂದು ಚರ್ಚಿಸುವವರು ‘ದರ್ಶನ’, ‘ಭಕ್ತರು’ ಎಂಬ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು, ಏಕೆಂದರೆ ವಾದ ನಿಂತಿರುವುದೇ ಅವುಗಳ ಮೇಲೆ. ಅದಕ್ಕಾಗಿ ಎಂಟು ಸಾಲು ಎತ್ತಬೇಕಿಲ್ಲ, ಎರಡು ಪದ ಸಾಕು. ಪುಟ ತುಂಬಿಸುವ ಉದ್ದುದ್ದ ಉದ್ಧರಣೆಗಳ ಮೇಲೆ ಅಧ್ಯಾಪಕರಿಗಿರುವ ಸಿಟ್ಟು ನ್ಯಾಯವಾದದ್ದೇ. ಎತ್ತಿಕೊಟ್ಟ ಭಾಗದ ಒಂದು ಪದದ ಬಗ್ಗೆಯೂ ಲೇಖಕ ಮುಂದೆ ಮಾತಾಡದಿದ್ದರೆ ಅದು ಅಲ್ಲಿರಬೇಕಾದ್ದಲ್ಲ. ಆದರೆ ಆ ಸಿಟ್ಟಿನಲ್ಲಿ ಉದ್ಧರಣೆಯನ್ನೇ ಕೀಳು ಮಾಡಿದ್ದರಿಂದ, ಉದ್ಧರಿಸಬೇಕಾದ ಕಡೆಯೂ ವಿದ್ಯಾರ್ಥಿಗಳು ಪದ ಬದಲಿಸತೊಡಗಿದ್ದಾರೆ.

ಸಂಶೋಧನಾ ಪ್ರಬಂಧಗಳಲ್ಲಿ ಇದಕ್ಕೆ ಇನ್ನೊಂದು ಒತ್ತಡವೂ ಸೇರಿದೆ. ಯುಜಿಸಿ 2018ರಲ್ಲಿ ತಂದ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದನ್ನು ಮೀರಿದರೆ ಹಂತಹಂತವಾಗಿ ಕ್ರಮವಿದೆ. ಈ ಅಂಕಿಗೆ ಹೆದರಿ ಜನ ಉದ್ಧರಣೆಗಳನ್ನೆಲ್ಲ ಒಡೆದು, ಪದಗಳನ್ನು ಅದಲುಬದಲು ಮಾಡುತ್ತಾರೆ. ಆದರೆ ಮೂಲವನ್ನು ಸರಿಯಾಗಿ ಹೆಸರಿಸಿ ಕೊಟ್ಟ ಉದ್ಧರಣೆಯನ್ನು ಹೋಲಿಕೆಯ ಲೆಕ್ಕದಿಂದ ಹೊರಗಿಡಬೇಕು ಎಂದು ಅದೇ ನಿಯಮ ಹೇಳುತ್ತದೆ. ಅಂದರೆ ಪ್ರಾಮಾಣಿಕವಾಗಿ ಉದ್ಧರಿಸಿದವರಿಗೆ ಭಯವಿಲ್ಲ. ಮೂಲದ ವಾಕ್ಯದ ಎಲುಬನ್ನು ಹಾಗೇ ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಿಸುವ ರೂಢಿಗೆ ಅಮೆರಿಕದ ಬರವಣಿಗೆ ಅಧ್ಯಯನಕಾರ್ತಿ ರೆಬೆಕಾ ಮೂರ್ ಹೊವರ್ಡ್ ‘ಪ್ಯಾಚ್‌ರೈಟಿಂಗ್’ ಎಂದು ಹೆಸರಿಟ್ಟರು. ಹೀಗೆ ಬರೆಯುವವರಲ್ಲಿ ಬಹಳ ಜನ ಕದಿಯಲು ಹೊರಟವರಲ್ಲ, ಮೂಲವನ್ನು ಪೂರ್ತಿ ಅರ್ಥಮಾಡಿಕೊಳ್ಳದವರು ಎಂಬುದು ಅವರ ನಿಲುವು. ನನಗೂ ಹಾಗೇ ಅನಿಸುತ್ತದೆ. ಅರ್ಥವಾಗದ ವಾಕ್ಯವನ್ನು ಸ್ವಂತ ಮಾತಿನಲ್ಲಿ ಹೇಳಲಾಗದು, ಪದ ಬದಲಿಸಬಹುದು ಅಷ್ಟೇ.

ಸ್ವಂತ ಮಾತಿನಲ್ಲಿ ಬರೆದ ಮಾತ್ರಕ್ಕೆ ಆಕರವನ್ನು ಹೆಸರಿಸಬೇಕಿಲ್ಲ ಎಂಬ ಭ್ರಮೆಯೂ ಈ ಸಲಹೆಯ ಬೆನ್ನಿಗೇ ಬರುತ್ತದೆ. ಮನೆಗೆ ಒಂದು ಹಣ ಎಂಬ ಸಂಗತಿ ಶಾಸನದಿಂದ ಬಂದದ್ದು. ವಾಕ್ಯ ಯಾರದ್ದೇ ಆಗಿರಲಿ, ಅಡಿಟಿಪ್ಪಣಿ ಬೇಕು.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ಒಂದು ಸಂದರ್ಭವೂ ಇದೆ. ಶ್ರವಣಬೆಳಗೊಳದ ಶಾಸನಗಳನ್ನು ಲೂಯಿಸ್ ರೈಸ್ 1889ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು. ಎಷ್ಟೋ ಮಂದಿ ಓದುವುದು ಅದರ ಇಂಗ್ಲಿಷ್ ಭಾಗವನ್ನು. ಅದನ್ನು ತಾವೇ ಕನ್ನಡಕ್ಕೆ ತಿರುಗಿಸಿ, ಉದ್ಧರಣ ಚಿಹ್ನೆ ಹಾಕಿ, ಶಾಸನದ ಮಾತೆಂದು ಕೊಡುತ್ತಾರೆ. ಆ ಚಿಹ್ನೆಯೊಳಗೆ ಇರುವುದು ಶಾಸನದ ಕನ್ನಡವೂ ಅಲ್ಲ, ಸಂಪಾದಕರ ಇಂಗ್ಲಿಷೂ ಅಲ್ಲ. ಅದು ಅನುವಾದದ ಅನುವಾದ, ಹೆಚ್ಚೆಂದರೆ ಒಂದು ಪ್ಯಾರಾಫ್ರೇಸ್. ಚಿಹ್ನೆ ಹಾಕುವುದಿದ್ದರೆ ಅದೇ ಸಂಪುಟದಲ್ಲಿ ಅಚ್ಚಾಗಿರುವ ಕನ್ನಡ ಪಾಠಕ್ಕೆ ಹೋಗಬೇಕು. ಹೋಗಲಾಗದಿದ್ದರೆ ಚಿಹ್ನೆ ತೆಗೆದು, ಯಾರ ಅನುವಾದದಿಂದ ತಿಳಿದದ್ದು ಎಂದು ಬರೆಯಬೇಕು.