ಲೇಬಲ್‌ ಮೇಲೆ 6000, ಪರದೆ ಮೇಲೆ ಸ್ತಬ್ಧ

ವಿಡಿಯೊ ಎಡಿಟಿಂಗ್ ನಡೆಯುತ್ತಿರುವಾಗಲೇ ಪರದೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮೌಸ್ ಅಲುಗುವುದಿಲ್ಲ, ಸ್ಪೀಕರ್ ಒಂದೇ ಸದ್ದನ್ನು ಎಳೆಯುತ್ತಿರುತ್ತದೆ. ಪವರ್ ಬಟನ್ ಒತ್ತಿಹಿಡಿದು ಆರಿಸದೆ ಬೇರೆ ದಾರಿಯಿಲ್ಲ. ಮತ್ತೆ ಆನ್ ಮಾಡಿ Event Viewer ತೆರೆದರೆ ಸಿಗುವುದು Kernel-Power 41 ಎಂಬ ದಾಖಲೆ. ಹೆಸರು ನೋಡಿ ಪವರ್ ಸಪ್ಲೈ ಮೇಲೆ ಅನುಮಾನ ಪಡುವವರೇ ಹೆಚ್ಚು. ಆದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ನಿಂತದ್ದೇಕೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಆಗ ಬರುವ ಮೊದಲ ಸಲಹೆ: ‘ಬಯೋಸ್ ರಿಸೆಟ್ ಮಾಡಿ ನೋಡಿ.’ ಸಲಹೆ ಸರಿಯೇ. ಸಾಮಾನ್ಯವಾಗಿ ಅದನ್ನು ಮಾಡುವ ರೀತಿ ಮಾತ್ರ ಸರಿಯಿಲ್ಲ. ರಿಸೆಟ್ ಏನನ್ನು ಅಳಿಸುತ್ತದೆಂದು ಮೊದಲು ತಿಳಿಯಬೇಕು.

ಡಿಡಿಆರ್5 ರ್‍ಯಾಮ್‌ನ ಡಬ್ಬಿಯ ಮೇಲೆ 6000 ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಹಾಕಿದ ಹೊಸದರಲ್ಲಿ ಅದು ಸಾಮಾನ್ಯವಾಗಿ 4800ರಂಥ ವೇಗದಲ್ಲೇ, 1.1 ವೋಲ್ಟ್‌ನಲ್ಲಿ ಓಡುತ್ತದೆ. 6000 ಬೇಕೆಂದರೆ ಬಯೋಸ್‌ಗೆ ಹೋಗಿ XMP ಅಥವಾ EXPO ಪ್ರೊಫೈಲ್ ಆನ್ ಮಾಡಬೇಕು. ವೋಲ್ಟೇಜ್ ಆಗ 1.35ರ ಆಸುಪಾಸಿಗೆ ಏರುತ್ತದೆ. ಒಂದೇ ಕ್ಲಿಕ್‌ನಲ್ಲಿ ಮುಗಿಯುವುದರಿಂದ ಇದು ಓವರ್‌ಕ್ಲಾಕಿಂಗ್ ಎಂದು ಅನ್ನಿಸುವುದೇ ಇಲ್ಲ. ಇಂಟೆಲ್, ಎಎಂಡಿ ಎರಡೂ ಇದನ್ನು ಓವರ್‌ಕ್ಲಾಕಿಂಗ್ ಎಂದೇ ಪರಿಗಣಿಸುತ್ತವೆ. ಪ್ರೊಫೈಲ್ ಬರೆದವರು ರ್‍ಯಾಮ್ ತಯಾರಕರು, ಆ ವೇಗವನ್ನು ಹೊರಬೇಕಾದದ್ದು ಪ್ರೊಸೆಸರ್ ಒಳಗಿರುವ ಮೆಮೊರಿ ಕಂಟ್ರೋಲರ್. ರೈಜೆನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಒಪ್ಪಿಕೊಂಡ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ ಬರೀ 3600.

ಆ ಕೊನೆಯ ಅಂಕಿಯಲ್ಲೇ ಎಷ್ಟೋ ಕಂಪ್ಯೂಟರ್‌ಗಳ ಗುಟ್ಟು ಅಡಗಿದೆ. ಒಂದು ಉದಾಹರಣೆ ನೋಡಬಹುದು. ರೈಜೆನ್ 7000ರ ಕಂಪ್ಯೂಟರ್, 16 ಜಿಬಿಯ ಎರಡು ಸ್ಟಿಕ್, EXPO 6000, ತಿಂಗಳುಗಟ್ಟಲೆ ತಕರಾರಿಲ್ಲ. ಮಾಲೀಕ ಅದೇ ಮಾದರಿಯ ಇನ್ನೆರಡು ಸ್ಟಿಕ್ ಹಾಕುತ್ತಾನೆ. ಅಂದಿನಿಂದ ಎರಡು ದಿನಕ್ಕೊಮ್ಮೆ ಪರದೆ ನಿಲ್ಲತೊಡಗುತ್ತದೆ.

ರಿಸೆಟ್ ಮಾಡುವ ಮುನ್ನ ಎರಡು ಕೆಲಸ ಮುಗಿಸಿಕೊಳ್ಳಬೇಕು. ಬಯೋಸ್‌ನ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳುವುದು ಒಂದು. ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರುವುದು ಇನ್ನೊಂದು. ರಿಸೆಟ್ ಆದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ನಂತರ Load Optimized Defaults. ಬಯೋಸ್‌ಗೇ ಹೋಗಲಾಗದಿದ್ದರೆ ವಾಲ್ ಸಾಕೆಟ್‌ನಿಂದ ಪ್ಲಗ್ ಕಿತ್ತು, ಬೋರ್ಡಿನ CLR_CMOS ಪಿನ್‌ಗಳನ್ನು ಕೆಲವು ಸೆಕೆಂಡು ಜೋಡಿಸಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಬೋರ್ಡು ರ್‍ಯಾಮ್‌ನ ಟೈಮಿಂಗ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ. ಕೆಟ್ಟೇ ಹೋಯಿತೆಂದು ಗಾಬರಿಯಿಂದ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ.

ಈಗ ನಾಲ್ಕು ಸ್ಟಿಕ್ 3600ರಲ್ಲಿ ಓಡುತ್ತಿವೆ. ಮರುದಿನ ಪರದೆ ನಿಲ್ಲಲಿಲ್ಲ. ಬಹುತೇಕರು ಇಲ್ಲಿಗೇ ತನಿಖೆ ಮುಗಿಸುತ್ತಾರೆ, ತಪ್ಪೂ ಇಲ್ಲೇ. ಎರಡು ದಿನಕ್ಕೊಮ್ಮೆ ಬರುತ್ತಿದ್ದ ಕಾಯಿಲೆ ಒಂದು ದಿನ ಬರಲಿಲ್ಲವೆಂದರೆ ಏನೂ ಸಾಬೀತಾಗುವುದಿಲ್ಲ. ಕನಿಷ್ಠ ಒಂದು ವಾರ ಎಂದಿನ ಕೆಲಸ ಮಾಡಿ ನೋಡಬೇಕು. ಜೊತೆಗೆ ರಾತ್ರಿಯಿಡೀ MemTest86 ಓಡಿಸಬಹುದು. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಆ ಸೆಟ್ಟಿಂಗ್ ಫೇಲ್. ಒಂದೂ ಕಾಣದಿದ್ದರೆ ಪಾಸೆಂದು ಹೇಳಲಾಗದು. ಗ್ರಾಫಿಕ್ಸ್ ಕಾರ್ಡಿನ ಬಿಸಿ ಪಕ್ಕದಲ್ಲೇ ಇರುವಾಗ ರ್‍ಯಾಮ್ ಹೇಗಿರುತ್ತದೆಂದು ಆ ಪರೀಕ್ಷೆ ನೋಡುವುದಿಲ್ಲ.

ರಿಸೆಟ್‌ನ ದೊಡ್ಡ ಕೊರತೆಯೆಂದರೆ ಅದು ಎಲ್ಲವನ್ನೂ ಒಂದೇ ಏಟಿಗೆ ಅಳಿಸುತ್ತದೆ. EXPO ಜೊತೆ ಪ್ರೊಸೆಸರ್‌ನ ವೋಲ್ಟೇಜ್ ತಗ್ಗಿಸುವ Curve Optimizer ಕೂಡ ಹೋಯಿತೆನ್ನಿ, ಕಳ್ಳ ಯಾರೆಂದು ತಿಳಿಯುವುದು ಹೇಗೆ? ವೋಲ್ಟೇಜ್ ತಗ್ಗಿಸಿದ್ದು ಅತಿಯಾದರೆ ಕಂಪ್ಯೂಟರ್ ಭಾರೀ ಕೆಲಸದ ಪರೀಕ್ಷೆಯಲ್ಲಿ ಗೆದ್ದು, ಸುಮ್ಮನೆ ಕೂತಿರುವಾಗ ನಿಲ್ಲಬಹುದು. ಹಾಗಾಗಿ ಒಂದೊಂದನ್ನೇ ವಾಪಸ್ ತರಬೇಕು. ನಮ್ಮ ಉದಾಹರಣೆಯಲ್ಲಿ ಹಳೆಯ ಜೋಡಿ 6000ದಲ್ಲಿ ವಾರ ಓಡಿತು, ಹೊಸ ಜೋಡಿ ಒಂಟಿಯಾಗಿಯೂ ಓಡಿತು. ನಾಲ್ಕೂ ಸೇರಿದಾಗ ಮಾತ್ರ ಪರದೆ ನಿಂತಿತು. ಸ್ಟಿಕ್‌ಗಳು ಚೆನ್ನಾಗಿವೆ, ನಾಲ್ಕನ್ನು ಆ ವೇಗದಲ್ಲಿ ಹೊರುವ ಶಕ್ತಿ ಕಂಟ್ರೋಲರ್‌ಗಿಲ್ಲ.

ಇನ್ನೊಂದು ನಂಬಿಕೆಯನ್ನೂ ಒರೆಗೆ ಹಚ್ಚಬೇಕು: ಡಿಫಾಲ್ಟ್ ಎಂದರೆ ಸುರಕ್ಷಿತ ಎಂಬುದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳು ಕ್ರ್ಯಾಶ್ ಆಗುತ್ತಿದ್ದಾಗ, ಹಲವು ಬೋರ್ಡುಗಳ ಡಿಫಾಲ್ಟ್ ವಿದ್ಯುತ್ ಮಿತಿಗಳೇ ಇಂಟೆಲ್ ಹೇಳಿದ್ದನ್ನು ಮೀರಿದ್ದವು. 2024ರಲ್ಲಿ ಬಯೋಸ್‌ಗಳಿಗೆ Intel Default Settings ಎಂಬ ಪ್ರತ್ಯೇಕ ಆಯ್ಕೆ ಬಂತು. ಹೆಚ್ಚುವರಿ ವೋಲ್ಟೇಜ್ ತಡೆಯುವ 0x129 ಮೈಕ್ರೊಕೋಡ್ ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು. ಆಗಲೇ ಪೆಟ್ಟು ತಿಂದಿದ್ದ ಚಿಪ್‌ಗಳನ್ನು ಯಾವ ರಿಸೆಟ್ಟೂ ಸರಿಪಡಿಸಲಿಲ್ಲ, ಬದಲಾಯಿಸಬೇಕಾಯಿತು.

ನಮ್ಮ ಮಾಲೀಕನಿಗೆ ಅಷ್ಟು ಕಷ್ಟವಿಲ್ಲ. 64 ಜಿಬಿ ಬೇಕೇಬೇಕೆಂದರೆ ನಾಲ್ಕು ಸ್ಟಿಕ್‌ಗಳನ್ನು 3600ರಲ್ಲೇ ಬಿಡಬಹುದು. ವೇಗವೂ ಬೇಕೆಂದರೆ ನಾಲ್ಕನ್ನೂ ತೆಗೆದು 32 ಜಿಬಿಯ ಎರಡನ್ನು ಹಾಕಿ, ಮತ್ತೊಂದು ವಾರ ನೋಡಬೇಕು.