ದಿನಚರಿಯ ಕ್ರಿಯಾಪದಗಳು

ಶಿಡ್ಲಘಟ್ಟದ ಗೆಳತಿಯೊಬ್ಬಳ ದಿನಚರಿಯ ಒಂದು ಪುಟ, ಅವಳ ಒಪ್ಪಿಗೆಯಿಂದಲೇ, ನನ್ನ ಮುಂದಿದೆ. 26 ವಾರಗಳ ಹೆರಿಗೆ ರಜೆ ಮುಗಿಸಿ ಗೌರಿಬಿದನೂರಿನ ಕಚೇರಿಗೆ ಮರಳಿದ ದಿನ ಬರೆದದ್ದು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ಮಗುವನ್ನು ನೋಡಿಕೊಳ್ಳಲು ಚಿಂತಾಮಣಿಯಿಂದ ಅವಳ ಅಮ್ಮ ಬಂದಿದ್ದಾರೆ.

ಇಂಥ ಬರಹವನ್ನು ನಾವು ‘ತಾಯಿಯ ಪಾಪಪ್ರಜ್ಞೆ’ ಎಂದು ಹೇಳಿ ಮುಗಿಸಿಬಿಡುತ್ತೇವೆ. ನನ್ನ ಕಣ್ಣು ಹೋದದ್ದು ಕ್ರಿಯಾಪದಗಳ ಮೇಲೆ. ಕನ್ನಡದಲ್ಲಿ ‘ನಾನು’ ಬಿಟ್ಟರೂ ‘ಬಂದೆ’ ಎಂದರೆ ಬಂದವರು ಯಾರೆಂದು ತಿಳಿಯುತ್ತದೆ. ‘ಬರಬೇಕಾಯಿತು’ ಎಂದರೆ ತಿಳಿಯುವುದಿಲ್ಲ. ಮಗುವಿನ ಮಾತು ಬಂದಲ್ಲೆಲ್ಲ ಅವಳು ಹೀಗೆ ಮರೆಗೆ ಸರಿಯುತ್ತಾಳೆ: ‘ಮಲಗಿದ್ದಾಗಲೇ ಹೊರಡಬೇಕಾಯಿತು’, ‘ಬಸ್ಸಿನಲ್ಲೇ ಹಾಲು ಸೋರಿತು’. ಕಚೇರಿ ಬಂದೊಡನೆ ‘ಲೆಕ್ಕದ ತಪ್ಪು ಹಿಡಿದೆ’, ‘ಬಡ್ತಿಯ ಬಗ್ಗೆ ಕೇಳಿದೆ’.

ಕಾಯ್ದೆಯ ಪ್ರಕಾರ 50 ಜನರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಮಗು ಬೇರೆ ತಾಲ್ಲೂಕಿನಲ್ಲಿದ್ದರೆ ಅದರಿಂದೇನು? (ಅವಳ ಬೀದಿಯಲ್ಲೇ ನಾಲ್ಕೈದು ಜನ ರೇಷ್ಮೆ ಬಿಚ್ಚುವ ಮನೆಗಳಿವೆ, ಹತ್ತು ಜನರಿಲ್ಲದ ಅಲ್ಲಿಗೆ ಈ ಕಾಯ್ದೆಯೇ ಬರುವುದಿಲ್ಲ.) ಹಾಗಾಗಿ ‘ಬೇಕಾಯಿತು’ ಎಂಬುದನ್ನು ಬರೀ ನುಣುಚಿಕೊಳ್ಳುವ ಮಾತೆಂದು ನಾನು ಓದಲಾರೆ.

ಮಗುವಿಗೂ ‘ನಾನು’ಗೂ ಒಂದೇ ವಾಕ್ಯದಲ್ಲಿ ಜಾಗ ಸಿಕ್ಕಿರುವುದು ಒಮ್ಮೆ ಮಾತ್ರ: ‘ಮಧ್ಯಾಹ್ನ ಎರಡು ಗಂಟೆ ನಾನು ಅವನನ್ನು ಮರೆತಿದ್ದೆ.’ ಇಡೀ ಪುಟದಲ್ಲಿ ಗೀಟು ಎಳೆದಿರುವುದು ಇದೊಂದಕ್ಕೇ, ಅದೂ ಓದಲು ಬರುವಷ್ಟು ತೆಳುವಾಗಿ. ಅದರ ಕೆಳಗೆ ಮರುದಿನದ ಬಸ್ಸಿನ ಹೊತ್ತು.